ನನ್ನ ನೋಟಿಸು, ಅರಕಲಗೂಡಿನವನ ಫೋನು

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಸಣ್ಣ ಅಂಗಡಿ. ಹೊಲಿಗೆ ದಾರ, ಗುಂಡಿ, ಜಿಪ್ಪು ಮಾರುತ್ತೇನೆ. ಆ ವರ್ಷ ಅಟ್ಟದಿಂದ ಪೆಟ್ಟಿಗೆ ಇಳಿಸಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡೆ. ಎರಡು ತಿಂಗಳು ಷಟರ್ ಎತ್ತಲಿಲ್ಲ. ಮೂರನೆಯ ತಿಂಗಳು ಕೋಲೂರಿಕೊಂಡು ಬಂದು ಕೂತೆ, ಒಂದಿಷ್ಟು ವ್ಯಾಪಾರವಾಯಿತು. ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಹಾಕಬೇಕೆನ್ನುವುದು ಮಾತ್ರ ತಲೆಯಿಂದ ಹೋಗಿಬಿಟ್ಟಿತ್ತು.

ಒಂದು ಬೆಳಿಗ್ಗೆ ಪಂಚೆ ಉಟ್ಟ ಗಂಡಸೊಬ್ಬರು ಅಂಗಡಿ ಮುಂದೆ ನಿಂತು ಬೋರ್ಡನ್ನು ಎರಡು ಸಲ ಓದಿದರು.

"ಅಕ್ಕೋ, ಸರ್ಕಾರದೋರು ನಿಮ್ಮನ್ನ ಬಯ್ಯೋದನ್ನ ನಾನ್ ಯಾಕೆ ಕೇಳುಸ್ಕಬೇಕು?"

ಕೈಯಲ್ಲಿದ್ದ ಗುಂಡಿ ಒತ್ತುವ ಫೋನನ್ನು ನನ್ನ ಮುಂದೆ ಹಿಡಿದರು. ರಿಟರ್ನ್ ಹಾಕಿಲ್ಲ, ಹದಿನೈದು ದಿನದೊಳಗೆ ಹಾಕಿ ಎಂಬ ನೋಟಿಸಿನ ಮೆಸೇಜು. ಅದರಲ್ಲಿದ್ದುದು ನನ್ನ ಜಿಎಸ್‌ಟಿ ನಂಬರು.

ನಾನು ರೀಚಾರ್ಜ್ ಮಾಡಿಸದೆ ಬಿಟ್ಟಿದ್ದ ಹಳೆಯ ಮೊಬೈಲ್ ನಂಬರು ಅರಕಲಗೂಡು ಕಡೆಯ ಈ ರೈತರಿಗೆ ಹೋಗಿತ್ತು. ಇವರು ನೋಟಿಸು ತಮಗೇ ಬಂದಿದೆಯೆಂದು ಹೆದರಿ, ಊರಿನ ಮೇಷ್ಟ್ರ ಕೈಲಿ ಉತ್ತರ ಬರೆಸಿ, ಹಾಸನದ ತೆರಿಗೆ ಕಚೇರಿಗೇ ಕೊಂಡೊಯ್ದಿದ್ದರು. "ನಾನು ಅಂಗಡಿ ಇಟ್ಟಿರುವುದಿಲ್ಲ. ಎರಡು ಹಸು ಇಟ್ಟಿರುತ್ತೇನೆ" ಎಂದಿತ್ತು ಆ ಪತ್ರದಲ್ಲಿ. ಅಲ್ಲಿನ ಗುಮಾಸ್ತರು ಜಿಎಸ್‌ಟಿ ನಂಬರನ್ನು ಕಂಪ್ಯೂಟರಿನಲ್ಲಿ ಹುಡುಕಿ, ನನ್ನ ಅಂಗಡಿಯ ವಿಳಾಸ ಬರೆದುಕೊಟ್ಟಿದ್ದರಂತೆ. ಹದಿನೈದರಲ್ಲಿ ಒಂಬತ್ತು ದಿನ ಆಗಲೇ ಕಳೆದಿತ್ತು.

ಅವರನ್ನೂ ಕರೆದುಕೊಂಡು ಪಕ್ಕದ ಬೀದಿಯಲ್ಲಿ ರಿಟರ್ನ್ ಹಾಕಿಕೊಡುವ ಹುಡುಗಿಯ ಆಫೀಸಿಗೆ ಕುಂಟುತ್ತ ಹೋದೆ. ಅವಳು ಪೋರ್ಟಲ್ ತೆರೆದಳು.

"ಉತ್ತರ ಬರೆಯೋದೇನೂ ಬೇಡ ಆಂಟಿ. ರಿಟರ್ನ್ ಹಾಕೋದೇ ಉತ್ತರ. ಅಂಗಡಿ ಮುಚ್ಚಿದ್ದ ಎರಡು ತಿಂಗಳಿಗೂ ನಿಲ್, ವ್ಯಾಪಾರ ಸೊನ್ನೆ ಅಂತ ಹಾಕ್ಬೇಕು. ದಿನಕ್ಕೆ ಇಪ್ಪತ್ತು ರೂಪಾಯಿ ಲೇಟ್ ಫೀ, ಐನೂರಕ್ಕೆ ನಿಲ್ಲುತ್ತೆ. ವ್ಯಾಪಾರ ಆದ ತಿಂಗಳಿಗೆ ದಿನಕ್ಕೆ ಐವತ್ತು."

ರೈತರು ಎದ್ದು ನಿಂತರು. "ಏನೂ ಮಾಡ್ಲಿಲ್ಲ ಅಂತ ಯೋಳ್ಲಿಲ್ಲ ಅಂತ ದಂಡವಾ?"

"ಹೌದು ಯಜಮಾನ್ರೇ."

"ಕಾಲು ಮುರುದಿತ್ತು ಅಂತ ಬರುದ್ರೆ?"

"ಅದನ್ನ ಬರೆಯೋಕೆ ಜಾಗ ಇಲ್ಲ."

ನನಗಿಂತ ಅವರಿಗೇ ಹೆಚ್ಚು ಸಂಕಟವಾದಂತಿತ್ತು. ಮುಚ್ಚಿದ್ದ ಎರಡು ತಿಂಗಳ ಲೇಟ್ ಫೀ ದುಡ್ಡನ್ನು ಮೊದಲೇ ಕಟ್ಟಿದೆ. ಸರಕು ಕೊಂಡಾಗ ಕಟ್ಟಿದ ತೆರಿಗೆಯಿಂದ ನನ್ನ ಖಾತೆಯಲ್ಲಿದ್ದ ಕ್ರೆಡಿಟ್ಟು ಅದಕ್ಕೆ ನಡೆಯುವುದಿಲ್ಲವಂತೆ. ಮೊದಲ ತಿಂಗಳಿನದು ಸಿದ್ಧವಾಯಿತು. "ಓಟಿಪಿ ಬಂತಾ?" ಎಂದಳು ಹುಡುಗಿ.

ಬಂದಿರಲಿಲ್ಲ. ಓಟಿಪಿ ಬರುವುದು ನನ್ನ ಹಳೆಯ ನಂಬರಿಗೆ, ಅಂದರೆ ರೈತರ ಫೋನಿಗೆ; ಅದರಲ್ಲಿ ಮೆಸೇಜಿಗೆ ಜಾಗವೇ ಇರಲಿಲ್ಲ. ಹಳೆಯದೊಂದನ್ನು ಅಳಿಸಿ ಎಂದರೆ, ನೋಟಿಸನ್ನು ಅಳಿಸಲಾರೆ, ಸಾಕ್ಷಿಗೆ ಬೇಕು ಎಂದರು. ಕೊನೆಗೆ ಭಾವಮೈದುನ ಕಳಿಸಿದ್ದ ಯುಗಾದಿ ಶುಭಾಶಯಗಳು ಹೋದವು. ಓಟಿಪಿ ಬಂತು. ಅವರು ಫೋನನ್ನು ಎದೆಗೆ ಅವುಚಿಕೊಂಡರು.

"ಹೇಳಿ ಯಜಮಾನ್ರೇ."

"ಯೋಳಾಕಿಲ್ಲ ಕಣವ್ವ. ಯಾರ್ಗೂ ಯೋಳ್ಬ್ಯಾಡಿ ಅಂತ ಬ್ಯಾಂಕ್ನೋರು ಯೋಳವ್ರೆ."

"ಇದು ಬ್ಯಾಂಕಿನದಲ್ಲ."

"ಅಂಗೇ ಅಂದು ನಮ್ಮೂರೋನ ದುಡ್ಡು ಒಡ್ಕೊಂಡೋದ್ರು."

ನಾನು ಕೈ ಮುಗಿದೆ. ಹುಡುಗಿ ನೀರು ಕೊಟ್ಟಳು. ಅಷ್ಟರಲ್ಲಿ ಓಟಿಪಿಯ ಹೊತ್ತು ಮೀರಿತು. ಎರಡನೆಯದು ಬಂದಾಗ ಅವರೇ ಒಂದು ದಾರಿ ಹೇಳಿದರು: ಹೇಳುವುದಿಲ್ಲ, ಬೇಕಾದರೆ ನಾನೇ ಒತ್ತುತ್ತೇನೆ. ಹುಡುಗಿ ಕುರ್ಚಿ ಬಿಟ್ಟುಕೊಟ್ಟಳು. ನಾವಿಬ್ಬರೂ ಗೋಡೆ ಕಡೆ ಮುಖ ತಿರುಗಿಸಿ ನಿಂತೆವು. ಅವರು ಒಂದೊಂದೇ ಅಂಕಿಯನ್ನು ಭತ್ತದ ಪೈರು ನಾಟುವಂತೆ ಒತ್ತಿದರು.

ತಿಂಗಳಿಗೆ ಎರಡು ರಿಟರ್ನ್, ಮಾರಾಟದ ವಿವರದ್ದೊಂದು, ತೆರಿಗೆಯದ್ದೊಂದು. ಹೀಗೆ ಮೂರು ತಿಂಗಳಿಗೆ ಆರು ಸಲ ಗೋಡೆ ನೋಡಿದೆವು. ನಡುವೆ ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು, ಏನು ನಡೆಯುತ್ತಿದೆಯೆಂದು ತಿಳಿಯದೆ ತಾನೂ ಗೋಡೆ ಕಡೆ ತಿರುಗಿದಳು. ಮೂರನೆಯ ತಿಂಗಳ ಮಾರಾಟ ತೆರೆಯ ಮೇಲೆ ಬಂದಾಗ ರೈತರು ಓದಿ, "ಇಷ್ಟೇಯಾ ಅಕ್ಕಾ? ಇದ್ಕಿಂತ ನನ್ ಹಸೂನೇ ವಾಸಿ" ಎಂದರು. ನಾಚಿಕೆಯಾಯಿತು, ನಗುವೂ ಬಂತು. ಆ ತಿಂಗಳ ಲೇಟ್ ಫೀ ಮುಂದಿನ ರಿಟರ್ನಿನಲ್ಲಿ ತಾನಾಗಿ ಸೇರಿಕೊಳ್ಳುತ್ತದೆ ಎಂದಳು ಹುಡುಗಿ.

ಕೊನೆಗೆ ನನ್ನ ಹೊಸ ನಂಬರು ಸೇರಿಸಲು ಅರ್ಜಿ. ಅದಕ್ಕೂ ಹಳೆಯ ನಂಬರಿನ ಓಟಿಪಿಯೇ ಬೇಕಾಯಿತು. ಏಳನೆಯ ಸಲ ಒತ್ತಿ, "ಈಗ ನಾನ್ ಬುಡುಗಡೆಯಾ?" ಎಂದು ಕೇಳಿದರು.

ಅಂಗಡಿಗೆ ಮರಳಿ ಬಸ್ಸಿನ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹೆಂಡತಿಯ ರವಿಕೆಗೆಂದು ಹಸಿರು ದಾರದ ಉಂಡೆಯೊಂದನ್ನು ಕೇಳಿ ತೆಗೆದುಕೊಂಡು, ಅದಕ್ಕೆ ಬಿಲ್ ಹಾಕಲೇಬೇಕೆಂದು ಹಟ ಹಿಡಿದರು. ಮುಂದಿನ ರಿಟರ್ನಿನಲ್ಲಿ ಅದು ಬಿಟ್ಟುಹೋದರೆ ಮತ್ತೆ ತಮ್ಮನ್ನೇ ಹಿಡಿಯುತ್ತಾರೆಂಬ ಭಯ. ನಾನು ಬಿಲ್ ಬರೆದೆ. ಅವರು ನಿಂತು ಪೂರ್ತಿ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ತಮ್ಮೂರ ದಾರಿಯ ಹೊಳೆನರಸೀಪುರದ ಬಸ್ಸಿಗೆ ಹೊರಟರು.