ಬ್ಯಾಂಕಿಗೆ ಅಂಬವ್ವನ ಫೋನು

ಮಣಿಪಾಲದ ಹಾಸ್ಟೆಲಿನಲ್ಲಿ ಕಸ ಗುಡಿಸುವ ಅಂಬವ್ವ ಬ್ಯಾಂಕಿಗೆ ಫೋನು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಗಂಡ ಗಾರೆಕೆಲಸದವನು, ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮರುದಿನ ಸಂಜೆಯ ಬಸ್ಸಿಗೆ ಅವನನ್ನು ಊರಿಗೆ ಕರೆದೊಯ್ಯುವುದಿತ್ತು. ಮತ್ತೆ ಬರುವುದು ತಿಂಗಳುಗಳ ಮಾತು. ಕೆವೈಸಿ ಆಗದೆ ಇಬ್ಬರ ಜಂಟಿ ಖಾತೆಗೆ ತಡೆ ಬಿದ್ದಿತ್ತು. ಇಬ್ಬರೂ ಬ್ಯಾಂಕಿಗೆ ಹೋಗಲೇಬೇಕು, ಆದರೆ ಮುರಿದ ಕಾಲಿನವನು ಸಾಲಿನಲ್ಲಿ ನಿಲ್ಲಲಾರ. ಮೊದಲೇ ಸಮಯ ಕೇಳಿಟ್ಟುಕೊಳ್ಳಬೇಕು.

ಏನೇನು ಮಾತಾಡಬೇಕೆಂದು ವಾರ್ಡನ್ ಲೀನಾ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. "ನಂಬರು ಪಾಸ್‌ಬುಕ್ಕಿನದ್ದೇ ಒತ್ತಿ. ಒಟಿಪಿ, ಪಿನ್ ಯಾರು ಕೇಳಿದರೂ ಹೇಳಬೇಡಿ, ಆಯ್ತಾ?" ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ಮೂರನೆಯ ಸಲಕ್ಕೆ ಬನ್ನಂಜೆಯ ಶಾಖೆಯಲ್ಲಿ ಒಬ್ಬಳು ಫೋನೆತ್ತಿದಳು. ಅಂಬವ್ವ ಚೀಟಿಯ ಮೇಲೆ ಬೆರಳಿಟ್ಟು ಓದಿದಳು: "ನಮಸ್ಕಾರ. ನನ್ನ ಹೆಸರು ಅಂಬವ್ವ. ನಿಮ್ಮ ಶಾಖೆಯಲ್ಲಿ ಜಂಟಿ ಖಾತೆ ಐತಿ. ಕೆವೈಸಿ ಮಾಡಿಸಬೇಕು. ನಾಳೆ ಯಾವ ಹೊತ್ತಿಗೆ ಬರಲಿ?"

"ನಾಳೆ ಹನ್ನೊಂದಕ್ಕೆ ಒಂದು ಜಾಗ ಉಂಟು. ಇನ್ನೊಬ್ಬರ ಹೆಸರು?"

ಬೆರಳು ನಿಂತಿತು. 'ಗಂಡನ ಹೆಸರು ಹೇಳಿ' ಎಂದಷ್ಟೇ ಅಲ್ಲಿತ್ತು. ಆ ಹೆಸರು ಹಿಡಿದು ಅವಳು ಎಂದೂ ಕರೆದವಳೇ ಅಲ್ಲ.

"ನಮ್ಮ ಮನಿಯವರ್ರೀ."

"ಮನೆಯವರಿಗೆ ಹೆಸರು ಉಂಟಲ್ವಾ?"

"ಶಿಲ್ಪಾನ ಅಪ್ಪ."

"ಅಮ್ಮಾ, ಹಾಗೆಲ್ಲ ಬರೆದುಕೊಳ್ಳಲಿಕ್ಕೆ ಆಗುವುದಿಲ್ಲ. ನಿಜವಾಗಿ ನಿಮ್ಮದೇ ಖಾತೆಯಾ?" ದನಿ ಬಿಗಿಯಾಯಿತು. "ಇಲ್ಲಿ ಜನ ಕಾಯ್ತಿದ್ದಾರೆ. ಇಡಲಾ?"

"ಇಡಬ್ಯಾಡ್ರೀ!"

ಗಂಡ ಆಸ್ಪತ್ರೆಯಲ್ಲಿ, ಲೀನಾ ಎಲ್ಲೋ ಮೇಲಿನ ಮಹಡಿಯಲ್ಲಿ. ಫೋನು ಇಟ್ಟರೆ ಆ ಹನ್ನೊಂದು ಗಂಟೆ ಇನ್ಯಾರದೋ ಪಾಲು. ಹೆಂಡತಿ ಗಂಡನ ಹೆಸರು ಹೇಳಲು ಅವಳ ಊರಿನಲ್ಲಿ ಇದ್ದದ್ದು ಒಂದೇ ದಾರಿ: ಮದುವೆಯಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿ ಕೇಳಿದಾಗ, ಹೆಸರನ್ನು ಪ್ರಾಸದಲ್ಲಿ ಹೆಣೆದು ಹಾಕುವ ಒಡಪು. ಅಂಬವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದಳು:

"ಬೆಳ್ಳಿ ಬಟ್ಟಲದಾಗ ಬೆಣ್ಣಿ ಮುದ್ದಿ, ಶರಣಬಸಪ್ಪಗ ಭಾಳ ಬುದ್ಧಿ!"

"ಎಂತ ಹೇಳಿದಿರಿ?"

"ಹೆಸರ್ರೀ. ಅದರಾಗ ಐತಿ."

"ಶರಣಬಸಪ್ಪ?"

"ಹೂಂ. ನೀವ ಅಂದ್ರಿ, ಚಲೋ ಆತು."

ಕೀಲಿಮಣೆ ಕುಟ್ಟುವ ಸದ್ದು. "ಸರಿ, ಬರೆದುಕೊಂಡೆ. ನಾನು ಯಶ್ಮಿತಾ, ನನ್ನನ್ನೇ ಕೇಳಿ. ಇಬ್ಬರದ್ದೂ ಆಧಾರ್, ಪ್ಯಾನ್, ಫೋಟೊ, ಮತ್ತೆ ಪಾಸ್‌ಬುಕ್."

ಚೀಟಿಯ ಕೊನೆಯ ಸಾಲು: 'ದಿನ, ಗಂಟೆ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ.' ಅಂಬವ್ವ ತಿರುಗಿ ಹೇಳಿದಳು. ಆಮೇಲೆ ಚೀಟಿಯಲ್ಲಿಲ್ಲದ್ದನ್ನೂ ಸೇರಿಸಿದಳು: "ನಾಳೆ ಅವರ ಮುಂದ ನನ್ನ ಕೇಳಬ್ಯಾಡ್ರಿ ಮತ್ತ."

"ಇಲ್ಲಮ್ಮಾ. ಅವರ ಹೆಸರು ಅವರೇ ಹೇಳಲಿ."