ಕಟ್ ಆಯಿತೋ ಇಲ್ಲವೋ

ನನ್ನ ಸೋದರತ್ತೆ ಮುನಿಗಂಗಮ್ಮನ ಟಮೋಟ ತೋಟಕ್ಕೆ ಪೊಲೀಸ್ ಗಾಡಿ ಬಂದಿತ್ತು ಅನ್ನುವ ಸುದ್ದಿ ಬೈರಕೂರಿನ ನನ್ನ ಮೊಬೈಲ್ ಅಂಗಡಿಗೆ ತಲುಪುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿದ್ದವು. ಒಬ್ಬ ಬಂದು ಬೋರ್‌ವೆಲ್ ನೀರಿಗೆ ಜಗಳ ಅಂದ. ಇನ್ನೊಬ್ಬ, ಕೋದಂಡರಾಮಪ್ಪ ಹೆಂಡತಿಗೆ ಹೊಡೆದನಂತೆ, ಅವಳೇ ಫೋನ್ ಮಾಡಿ ಕರೆಸಿದಳಂತೆ ಅಂದ. ಅವನ ಫೋನಿಗೆ ಗ್ಲಾಸ್ ಅಂಟಿಸುತ್ತಾ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಕೋದಂಡರಾಮಪ್ಪ ಆ ಅತ್ತೆಯ ಗಂಡ, ನನ್ನ ಮಾವ. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿ ಎರಡು ವರ್ಷವಾಗಿದೆ, ಮಾತೂ ಜೊತೆಗೇ ಹೋಗಿದೆ. ಗ್ಲಾಸನ್ನು ಸೊಟ್ಟಗೇ ಅಂಟಿಸಿ, ಅವನ ಕೈಗೆ ಕೊಟ್ಟು, ಅಂಗಡಿ ಬಾಗಿಲು ಎಳೆದುಕೊಂಡು ಹೊರಟೆ.

ನಮ್ಮತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವಳು ಬಾಯಿ ಬಿಟ್ಟರೆ ಎದುರಿಗಿರುವವರು ಬಾಯಿ ಮುಚ್ಚಬೇಕು, ಅಂಥ ಹೆಂಗಸು. ಮಗ ಗಂಗಾಧರ ಪಿಕಪ್ ಗಾಡಿಯಲ್ಲಿ ಟಮೋಟ ಬಾಕ್ಸು ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತಾನೆ, ಸೊಸೆ ತ್ರಿವೇಣಿ ಅಂಗನವಾಡಿಗೆ ಹೋಗುತ್ತಾಳೆ. ಹಗಲೆಲ್ಲ ಮಾವ ಮನೆಯ ಜಗಲಿಯ ಮೇಲೆ, ಅತ್ತೆ ತೋಟದಲ್ಲಿ. ಇಬ್ಬರ ನಡುವೆ ಇರುವುದು ಎರಡು ಫೋನು, ಎರಡೂ ನನ್ನ ಅಂಗಡಿಯವೇ. ಮಾವ ಎಡಗೈ ಹೆಬ್ಬೆರಳಿನಲ್ಲಿ ಅತ್ತೆಯ ಫೋಟೋ ಒತ್ತುತ್ತಾರೆ, ತೋಟದಲ್ಲಿ ರಿಂಗಾಗುತ್ತದೆ. ಅತ್ತೆ "ಮಾತ್ರೆ ನುಂಗಿದ್ರಾ, ನೀರು ಕುಡಿದ್ರಾ, ತಲೆ ಸುತ್ತುತ್ತಾ, ಬರ್ಲಾ" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾಳೆ. ಅವರು "ಊಂ" ಅಂದರೆ ಹೌದು, ಸುಮ್ಮನಿದ್ದರೆ ಇಲ್ಲ. ಈ ಏರ್ಪಾಡಿನ ಮೇಲೆಯೇ ಅವಳ ಬೇಸಾಯ ನಿಂತಿತ್ತು. ಫೋನ್ ಇಲ್ಲದಿದ್ದರೆ ಅವಳು ಗಂಡನನ್ನು ಬಿಟ್ಟು ಹೊಸಿಲು ದಾಟುವವಳಲ್ಲ.

ಟಮೋಟ ಗಿಡದಲ್ಲಿ ಕೆಲಸ ಮಾಡಿದವರ ಕೈ ನೋಡಿದ್ದೀರೋ ಇಲ್ಲವೋ. ಗಿಡ ಎತ್ತಿ ದಾರ ಕಟ್ಟುತ್ತಾ ಹೋದರೆ ಹಸಿರು ಕರೆ ಬೆರಳಿಗೆ ಹತ್ತಿ, ಒಣಗಿ, ಕಪ್ಪಗೆ ಕಟ್ಟಿಕೊಳ್ಳುತ್ತದೆ. ಆ ಬೆರಳಿಗೆ ಫೋನಿನ ಪರದೆ ಸರಿಯಾಗಿ ಓಗೊಡುವುದಿಲ್ಲ. ಅದಕ್ಕೇ ಅವಳ ಫೋನಿನಲ್ಲಿ ಪಕ್ಕದ ಪವರ್ ಬಟನ್ ಒತ್ತಿದರೆ ಕರೆ ಕಟ್ಟಾಗುವ ಹಾಗೆ ಸೆಟ್ ಮಾಡಿಕೊಟ್ಟಿದ್ದೆ. ಒಂದು ಸಲ ಒತ್ತಿದರೆ ಸಾಕು ಎಂದು ಹೇಳಿಯೂ ಇದ್ದೆ.

ಮನೆ ತಲುಪಿದಾಗ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಮಾವ ಜಗಲಿಯ ಮೇಲೆ ಗೋಡೆ ಕಡೆ ಮುಖ ಮಾಡಿಕೊಂಡಿದ್ದರು. ಫೋನ್ ಎಲ್ಲಿ ಅಂದೆ. ಸ್ವಿಚಾಫ್ ಮಾಡಿ ರಾಗಿ ಡಬ್ಬದೊಳಗೆ ಹಾಕಿದ್ದೀನಿ, ಇನ್ನು ಅದನ್ನು ಮುಟ್ಟಲ್ಲ, ತೋಟವನ್ನು ಆಂಜಿನಮ್ಮನಿಗೇ ಅರ್ಧ ಬೆಳೆಯ ವಾರಕ್ಕೆ ಕೊಟ್ಟುಬಿಡ್ತೀನಿ ಅಂದಳು. ಆಂಜಿನಮ್ಮ ಅವಳ ಜೊತೆ ಕೂಲಿಗೆ ಬರುವವಳು. ಮದುವೆಯಾಗಿ ಬಂದ ದಿನದಿಂದ ಆ ಮಣ್ಣು ಬಿಟ್ಟು ಇರದ ಹೆಂಗಸು ಇಂಥ ಮಾತಾಡಿದರೆ ಹೇಗಿರುತ್ತದೆ. ನಾನು ಬೈದುಕೊಂಡೇ ಫೋನನ್ನು ರಾಗಿಯಿಂದ ತೆಗೆದೆ.

ನಡೆದದ್ದನ್ನು ಕೇಳಿ ಕೇಳಿ ಹೊರಗೆಳೆದೆ. ಮಾವನ ಜೊತೆ ಮಾತು ಮುಗಿಸಿ ಅವಳು ಬಟನ್ ಒತ್ತಿದ್ದಾಳೆ. ಒಂದು ಸಲವಲ್ಲ, ಟಕಟಕಟಕ ಎಂದು ಒತ್ತುತ್ತಲೇ ಇದ್ದಾಳೆ. ಇಂಥ ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಐದು ಸಲ ಒತ್ತಿದರೆ ಯಾರೋ ಅಪಾಯದಲ್ಲಿದ್ದಾರೆ ಎಂದು ಅರ್ಥ. ಐದರಿಂದ ಹಿಂದಕ್ಕೆ ಎಣಿಸುತ್ತಾ ಜೋರಾಗಿ ಕೂಗಿಕೊಳ್ಳುತ್ತದೆ, ಅಷ್ಟರಲ್ಲಿ ಬೇಡ ಎಂದು ಪರದೆಯ ಮೇಲೆ ಬೆರಳಾಡಿಸದಿದ್ದರೆ ತಾನೇ ಪೊಲೀಸರ ತುರ್ತು ನಂಬರು ನೂರಾ ಹನ್ನೆರಡಕ್ಕೆ ಕರೆ ಮಾಡುತ್ತದೆ. ಕೂಗು ಕೇಳಿ ಅತ್ತೆ ಬೆರಳಾಡಿಸಿದ್ದಾಳೆ, ಕಪ್ಪು ಕಟ್ಟಿದ ಬೆರಳನ್ನು ಪರದೆ ಗುರುತಿಸಲೇ ಇಲ್ಲ. ಆ ಕಡೆಯಿಂದ ಯಾರೋ ಏನು ಸಹಾಯ ಬೇಕಮ್ಮ ಎಂದು ಕೇಳಿದ್ದಾರೆ. ಇವಳು ಗಾಬರಿಯಾಗಿ ಬಟನ್ ಒತ್ತಿ ಕಟ್ ಮಾಡಿದ್ದಾಳೆ. ಅವರು ತಿರುಗಿ ಕರೆ ಮಾಡಿದ್ದಾರೆ. ಇನ್ಶೂರೆನ್ಸ್‌ನವರು ಎಂದುಕೊಂಡು ಅದನ್ನೂ ಕಟ್ ಮಾಡಿದ್ದಾಳೆ. ಒಬ್ಬ ಹೆಂಗಸು ಕರೆ ಮಾಡಿ, ಮಾತಾಡದೆ ಇಟ್ಟು, ಮತ್ತೆ ಎತ್ತದಿದ್ದರೆ ಅವರು ಏನೆಂದುಕೊಳ್ಳಬೇಕು. ಫೋನ್ ಇರುವ ಜಾಗ ನೋಡಿಕೊಂಡು ಗಾಡಿ ಕಳಿಸಿದ್ದಾರೆ.

ಬಂದ ಪೊಲೀಸರು ಒಳ್ಳೆಯವರೇ. ಒಬ್ಬ ಹೆಡ್ ಕಾನ್‌ಸ್ಟೇಬಲ್, ಒಬ್ಬ ಹೆಣ್ಣುಮಗಳು. ತೋಟದಿಂದ ಮನೆವರೆಗೂ ಜೊತೆಯಲ್ಲಿ ಬಂದು, ಆ ಹುಡುಗಿ ಅತ್ತೆಯನ್ನು ಪಕ್ಕಕ್ಕೆ ಕರೆದು, ಯಾರಾದರೂ ಹೊಡೆಯುತ್ತಾರೇನಮ್ಮ, ಹೆದರಬೇಡಿ, ಹೇಳಿ ಅಂದಳಂತೆ. ಅವಳು ಕೇಳಲೇಬೇಕಾದ ಮಾತು ಅದು. ಆದರೆ ಜಗಲಿಯಲ್ಲಿದ್ದ ಮಾವನಿಗೂ ಕೇಳಿಸಿತು, ಬೇಲಿಯಾಚೆ ನಿಂತಿದ್ದವರಿಗೂ ಕೇಳಿಸಿತು. ಹೀಗೆ ಕೈ ತಪ್ಪಿ ಕರೆ ಹೋಗಿದ್ದು ಎರಡನೇ ಸಲವಂತೆ, ಮೊದಲನೇ ಸಲ ಹೇಗೋ ತಿರುಗಿ ಬಂದ ಕರೆ ಎತ್ತಿ ಏನೂ ಇಲ್ಲ ಅಂದಿದ್ದಳಂತೆ. ಫೋನ್ ಸರಿ ಮಾಡಿಸಿಕೊಳ್ಳಿ ಎಂದು ಹೇಳಿ ಪೊಲೀಸರು ಹೋದರು. ಆಮೇಲಿಂದ ಮಾವ ಗೋಡೆ ಕಡೆ ತಿರುಗಿದವರು ಈ ಕಡೆ ತಿರುಗಿಲ್ಲ.

"ಆ ಪೊಲೀಸರಿಗೆ ಹೋಗೋದನ್ನ ಪೂರ್ತಿ ತೆಗೆದುಹಾಕ್ಬಿಡೋ ನೈನಾ," ಅಂದಳು ಅತ್ತೆ, ಮಗುವಿಗೆ ಅಪ್ಪಾ ಅನ್ನುವ ಹಾಗೆ.

ಪೂರ್ತಿ ತೆಗೆಯಲ್ಲ ಅಂದೆ. ಒಬ್ಬಳೇ ತೋಟದಲ್ಲಿರುತ್ತೀಯ, ಹಾವಿದೆ, ಕರೆಂಟ್ ವೈರಿದೆ, ನಾಳೆ ಬಿದ್ದರೆ ಯಾರು ದಿಕ್ಕು ಎಂದು ರೇಗಿದೆ. ಸೆಟ್ಟಿಂಗ್ಸಿನಲ್ಲಿ ಸುರಕ್ಷತೆ ಮತ್ತು ತುರ್ತು ಅನ್ನುವ ಕಡೆ ಹೋದೆ. ತುರ್ತು ಎಸ್‌ಒಎಸ್ ತಾನಾಗಿಯೇ ಶುರುವಾಗಲಿ ಎಂದಿತ್ತು. ಅದನ್ನು ಬದಲಾಯಿಸಿ, ಪರದೆಯನ್ನು ಒತ್ತಿ ಹಿಡಿದುಕೊಂಡರೆ ಮಾತ್ರ ಶುರುವಾಗಲಿ ಎಂದು ಇಟ್ಟೆ. ಅವಳೆದುರಿಗೇ ಬಟನ್ ಐದು ಸಲ ಒತ್ತಿ ತೋರಿಸಿದೆ. ಕೆಂಪು ವೃತ್ತ ಬಂತು. ಮುಟ್ಟದೆ ಬಿಟ್ಟೆವು, ಯಾರಿಗೂ ಕರೆ ಹೋಗಲಿಲ್ಲ. ನಿಜವಾಗಿ ಬೇಕಾದಾಗ ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಈ ವೃತ್ತವನ್ನು ಮೂರು ಸೆಕೆಂಡ್ ಒತ್ತಿ ಹಿಡಿ, ಸುಮ್ಮನೆ ಪರೀಕ್ಷೆ ಮಾಡಲು ಹಿಡಿಯಬೇಡ ಅಂದೆ. ಇಷ್ಟಾದರೂ ತಪ್ಪಿ ಕರೆ ಹೋದರೆ ಕಟ್ ಮಾಡಬಾರದು, ಹೆಸರು ಊರು ಹೇಳಿ, ಕೈ ತಪ್ಪಿ ಬಂತು ಸ್ವಾಮಿ, ನಾನು ಚೆನ್ನಾಗಿದ್ದೀನಿ ಅನ್ನಬೇಕು, ಅವರು ತಿರುಗಿ ಮಾಡಿದರೆ ಎತ್ತಬೇಕು ಎಂದು ಮಗ್ಗಿ ಹೇಳಿಸಿದ ಹಾಗೆ ಅವಳ ಬಾಯಿಂದ ಹೇಳಿಸಿದೆ.

ಎಲ್ಲ ಒಪ್ಪಿಸಿದಳು. ಫೋನ್ ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಆಗ ನನ್ನ ತಾಳ್ಮೆ ಕೆಟ್ಟಿತು. ಒಂದು ಸಲ ಒತ್ತು ಅಂದರೆ ಅಷ್ಟೊಂದು ಸಲ ಯಾಕೆ ಕುಟ್ಟುತ್ತೀಯ, ಅದೇನು ರಾಗಿಯಾ ಎಂದು ಕೇಳಿದೆ. ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

ಹೋದ ತಿಂಗಳು ಒಂದು ದಿನ ಮಾವನ ಜೊತೆ ಮಾತಾಡಿ ಬಟನ್ ಒತ್ತಿ ಫೋನನ್ನು ಬದುವಿನ ಮೇಲಿಟ್ಟಿದ್ದಾಳೆ. ಅದು ಸರಿಯಾಗಿ ಒತ್ತಿಕೊಂಡಿರಲಿಲ್ಲ. ಆವತ್ತು ಬೆಳಗ್ಗೆ ಮಾವ ಅನ್ನದ ತಟ್ಟೆ ಕೆಡವಿದ್ದರು, ಇವಳಿಗೆ ಸೊಂಟ ನೋವು, ಮನಸ್ಸು ಕೆಟ್ಟಿತ್ತು. ಪಕ್ಕದ ಸಾಲಿನಲ್ಲಿದ್ದ ಆಂಜಿನಮ್ಮನ ಹತ್ತಿರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡು ಅತ್ತಿದ್ದಾಳೆ. ಮಧ್ಯಾಹ್ನ ಬಂದು ಫೋನ್ ಎತ್ತಿಕೊಂಡರೆ ಕರೆ ಇನ್ನೂ ನಡೆಯುತ್ತಲೇ ಇತ್ತು.

"ಲಕ್ವ ಹೊಡೆದಾವತ್ತೇ ಹೋಗ್ಬಿಟ್ಟಿದ್ರೆ ಅವರೂ ಗೆದ್ರು, ನಾನೂ ಗೆದ್ದೆ ಅಂದ್ಬಿಟ್ಟಿದ್ದೆ ಕಣೋ," ಅಂದಳು. "ಎಲ್ಲ ಕೇಳಿಸ್ಕೊಂಡಿದಾರೆ. ಬೈಯೋಕೂ ಬಾಯಿಲ್ಲ ಅವರಿಗೆ."

ಆವತ್ತು ಸಂಜೆ ಅವಳು ಕೇಳಲಿಲ್ಲ, ಅವರು ತೋರಿಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಕಟ್ ಆಯಿತೋ ಇಲ್ಲವೋ ಎಂಬ ಭಯಕ್ಕೆ ಬಟನ್ ಕುಟ್ಟುವುದು ಅಭ್ಯಾಸವಾಗಿದೆ. ನನ್ನ ಅತ್ತೆ ಇಷ್ಟು ಕುಗ್ಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ, ಅವಳ ಮೇಲೆ ಬಂದಿದ್ದ ಕೋಪವೆಲ್ಲ ಇಳಿದುಹೋಯಿತು.

ಏನು ಮಾಡಬೇಕೆಂದು ತೋಚದೆ, ಫೋನ್ ಸರಿಹೋಯಿತೋ ಒಂದು ಸಲ ನೋಡೋಣ ಎಂದು ನೆಪ ಹೇಳಿದೆ. ಅವಳ ಕೈಗೆ ಫೋನ್ ತುರುಕಿ ಹಸುವಿನ ಕೊಟ್ಟಿಗೆ ಕಡೆ ಕಳಿಸಿದೆ. ಜಗಲಿಗೆ ಹೋಗಿ ಮಾವನ ಫೋನನ್ನು ಅವರ ಎಡಗೈಗೆ ಕೊಟ್ಟು, ಅತ್ತೆಗೆ ಒಂದು ಕರೆ ಮಾಡಿ ಮಾವ ಅಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ನಿಧಾನವಾಗಿ ಹೆಬ್ಬೆರಳು ಒತ್ತಿದರು. ಕೊಟ್ಟಿಗೆಯಲ್ಲಿ ರಿಂಗಾಯಿತು. ಸ್ಪೀಕರ್ ಹಾಕಿದೆ.

ಅತ್ತೆ ಎತ್ತಿ, ಕೇಳಿಸ್ತಾ ಅಂದಳು. ಮಾವ ಊಂ ಅಂದರು. ಸರಿ ಹಾಗಾದ್ರೆ ಇಡ್ತೀನಿ ಅಂದಳು.

ಮಾವನ ಮುಖ ಕೆಂಪಾಯಿತು. ತುಟಿ ಒಂದು ಕಡೆ ಎಳೆದುಕೊಂಡಿತು. ನಾನು ಹೆದರಿ ಬೆನ್ನಿಗೆ ಕೈ ಕೊಟ್ಟೆ. ಎರಡು ವರ್ಷದಲ್ಲಿ ಅವರ ಬಾಯಿಂದ ಒಂದು ಪೂರ್ತಿ ಶಬ್ದ ಬಂದಿದ್ದನ್ನು ನಾನು ಕೇಳಿರಲಿಲ್ಲ.

"ಬ್ಯಾ... ಬ್ಯಾಡ," ಅಂದರು. "ಇಡ... ಬ್ಯಾಡ."

ಅತ್ತೆ ಇಡಲಿಲ್ಲ, ಫೋನಿನಲ್ಲೇ ಕೇಳಿದಳು. ಆವತ್ತು ಎಲ್ಲ ಕೇಳಿಸಿಕೊಂಡಿರಾ. ಊಂ. ಬೇಜಾರಾಯಿತಾ. ಊಂ. ಮತ್ತೆ ಯಾಕೆ ಇಡಲಿಲ್ಲ ಫೋನನ್ನ, ನಿಮ್ಮ ಹೆಬ್ಬೆರಳಿಗೇನಾಗಿತ್ತು ಎಂದು ಗದರಿದಳು. ಇದಕ್ಕೆ ಊಂ ಅಂದರೆ ಸಾಲದು. ಮಾವ ಎಡಗೈಯನ್ನು ಕಿವಿಗೆ ತಂದರು, ಆಮೇಲೆ ತೋಟದ ದಿಕ್ಕಿಗೆ ತೋರಿಸಿದರು, ಆಮೇಲೆ ಎದೆಗೆ ಒತ್ತಿಕೊಂಡರು. ಕೊಟ್ಟಿಗೆಯಲ್ಲಿದ್ದವಳಿಗೆ ಅದು ಕಾಣುವಂತಿರಲಿಲ್ಲ, ನಾನೇ ಕೂಗಿ ಹೇಳಬೇಕಾಯಿತು. ತೋಟದ ಸದ್ದು ಕೇಳಬೇಕಂತೆ ಅತ್ತೆ, ನಿನ್ನ ಮಾತು ಕೇಳಬೇಕಂತೆ, ಬೈದರೂ ಪರವಾಗಿಲ್ಲವಂತೆ. ಕೊನೆಯದನ್ನು ನಾನೇ ಸೇರಿಸಿದ್ದು. ಮಾವ ನನ್ನ ಕಡೆ ನೋಡಿ ಊಂ ಅಂದರು.

ಅತ್ತೆ ಕೊಟ್ಟಿಗೆಯಿಂದ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಅತ್ತಿದ್ದಳು, ಮುಖ ತೊಳೆದುಕೊಂಡು ಬಂದಿದ್ದಳು. ಬಂದವಳೇ ಮಾವನನ್ನು ಗೋಡೆ ಕಡೆಯಿಂದ ಬೀದಿ ಕಡೆಗೆ ತಿರುಗಿಸಿ ಕೂರಿಸಿ, ಇನ್ನೂ ಕಾಫಿ ಕುಡಿದಿಲ್ಲ ಈ ಮನುಷ್ಯ ಎಂದು ನನ್ನನ್ನೇ ಬೈದಳು.

ಈಗ ತೋಟ ಅವಳದೇ. ಪೊಲೀಸ್ ಗಾಡಿ ಮತ್ತೆ ಬಂದಿಲ್ಲ. ಮೊನ್ನೆ ಆ ಕಡೆ ಹೋಗಿದ್ದಾಗ ಫೋನ್ ಬದುವಿನ ಮೇಲಿತ್ತು, ಕರೆ ನಡೆಯುತ್ತಿತ್ತು. ಅತ್ತೆ ದಾರ ಕಟ್ಟುತ್ತಾ, ಯಾವ ಸಾಲಿನಲ್ಲಿ ಹೂ ನಿಂತಿದೆ, ಮೋಟರಿಗೆ ಕರೆಂಟು ಎಷ್ಟು ಹೊತ್ತಿಗೆ ಬಂತು, ಆಂಜಿನಮ್ಮ ಇವತ್ತು ಯಾಕೆ ಬಂದಿಲ್ಲ ಎಂದು ಎಲ್ಲ ವರದಿ ಒಪ್ಪಿಸುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸಾಲಿನ ಕೊನೆಗೆ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇವತ್ತು ತುಂಬ ಸಾಕಾಯ್ತು ಕಣ್ರೀ," ಅಂದಳು.

ಬದುವಿನ ಮೇಲಿಂದ ಮಾವ ಊಂ ಅಂದರು. ಅತ್ತೆ ಬಗ್ಗಿ ಮುಂದಿನ ಸಾಲು ಹಿಡಿದಳು.