ದೇವರು ಕೊಟ್ಟ ವೇಷ

ಮುಂಬಯಿಯ ಮಾಟುಂಗದ ಕನ್ನಡ ಸಂಘದ ಸಭಾಂಗಣದಲ್ಲಿ ಭಾನುವಾರದ ಯಕ್ಷಗಾನ ತರಗತಿಗೆ ಬರುತ್ತಿದ್ದ ಹದಿನಾಲ್ಕು ಹುಡುಗಿಯರಲ್ಲಿ ಮಹಿಷಾಸುರನಾಗಿ ಅಬ್ಬರಿಸಬಲ್ಲವಳು ಯಕ್ಷಿತಾ ಒಬ್ಬಳೇ. ಇಪ್ಪತ್ತೆರಡರ ಹುಡುಗಿ. ವಾರವಿಡೀ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ ಟೈಪ್ ಮಾಡುತ್ತಿದ್ದಳು. ಅಲ್ಲಿ ಅವಳ ದನಿ ಪಕ್ಕದ ಮೇಜಿಗೂ ಮುಟ್ಟುತ್ತಿರಲಿಲ್ಲ. ಭಾನುವಾರ ಮಾತ್ರ ಅವಳ ಅಟ್ಟಹಾಸಕ್ಕೆ ಕಿಟಕಿಯ ಪಾರಿವಾಳಗಳು ಹಾರುತ್ತಿದ್ದವು.

ರಾಕ್ಷಸವೇಷಕ್ಕೆ ಗಾತ್ರ ಬೇಕು. ತೆಳ್ಳಗಿನವರಾದರೆ ಸೊಂಟಕ್ಕೆ, ಹೆಗಲಿಗೆ ಹಳೆಯ ಸೀರೆ ಸುತ್ತಿ ಕಟ್ಟುತ್ತಾರೆ. ಕಳೆದ ವರ್ಷದ ಪ್ರದರ್ಶನದ ದಿನ ಬಣ್ಣದ ಕೋಣೆಯಲ್ಲಿ ತರಗತಿಯ ಗುರು ಅಣ್ಣು ಮಾಸ್ಟ್ರು ಅವಳಿಗೆ ವೇಷ ಕಟ್ಟುತ್ತಿದ್ದರು. ಗ್ರಾಂಟ್ ರೋಡಿನ ಹೋಟೆಲಿನ ಗಲ್ಲಾದಲ್ಲಿ ಕೂರುವ, ಹೊಗಳಿಕೆಯಲ್ಲಿ ಬಹಳ ಜಿಪುಣರಾದ ಮನುಷ್ಯ. ಅಂದು ಕೈಯಲ್ಲಿದ್ದ ಸೀರೆಯನ್ನು ಪಕ್ಕಕ್ಕೆಸೆದು, "ಇವಳಿಗೆ ಬಟ್ಟೆ ಕಟ್ಟುವುದೇ ಬೇಡ ಮಾರಾಯ್ರೆ, ದೇವರು ಕೊಟ್ಟ ವೇಷ!" ಅಂದರು. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಯಕ್ಷಿತಾ ಬಣ್ಣದ ಮುಖದಲ್ಲೇ ಬಾಯ್ತುಂಬ ನಕ್ಕಳು.

ದೇವಿಯ ಪಾತ್ರದ ಪ್ರಣೀತಾ ಮೊಬೈಲ್ ಹಿಡಿದುಕೊಂಡಿದ್ದಳು. ಸಂಜೆ ಅದೇ ಮಾತು, ಅದೇ ನಗು ರೀಲ್ ಆಗಿ ಬಂತು, ಜೊತೆಗೆ ಮೂರು ನಗುಮುಖದ ಇಮೋಜಿಗಳು. ವೇಷ ಕಟ್ಟುವುದೆಂದರೇನೆಂದು ಗೊತ್ತಿಲ್ಲದವರಿಗೆ ಆ ಮಾತಿನಲ್ಲಿ ಕಂಡದ್ದು ಒಬ್ಬ ದಪ್ಪ ಹುಡುಗಿ ಮಾತ್ರ. "ಸೂಪರ್ ಅಕ್ಕ" ಎಂದು ನೂರಾರು ಜನ ಬರೆದಿದ್ದರು. ಒಬ್ಬ, "ಇವಳಿಗೆ ಎರಡು ಸೀಟಿನ ಟಿಕೆಟ್ ಬೇಕು" ಎಂದಿದ್ದ. ಆ ನೂರಾರನ್ನು ಅವಳು ಒಮ್ಮೆ ಓದಿದಳು. ಆ ಒಂದನ್ನು ಎಷ್ಟು ಸಲ ಓದಿದಳೋ.

"ಅರೆ ಯಾರ್, ಮಜಾಕ್ ಅಲ್ವಾ! ವೈರಲ್ ಆದಿ ನೀನು, ಪಾರ್ಟಿ ಕೊಡು," ಎಂದಳು ಪ್ರಣೀತಾ ಫೋನಿನಲ್ಲಿ.

"ತೆಗೆದುಬಿಡು."

ಪ್ರಣೀತಾ ತೆಗೆದಳು. ಆದರೆ ಯಕ್ಷಿತಾ ಅದನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದಳು.

ಆಮೇಲೆ ಹೊಟ್ಟೆ ಕರಗಿಸುವ ವಿಡಿಯೋ ಒಂದರ ಮೇಲೆ ಅವಳ ಬೆರಳು ಒಂದು ಕ್ಷಣ ಹೆಚ್ಚು ನಿಂತಿತು. ಮರುದಿನ ಫೋನಿನಲ್ಲಿ ಅಂಥವು ಹತ್ತು, ವಾರದೊಳಗೆ ಬೇರೇನೂ ಇಲ್ಲ. ಅಂಧೇರಿ ದಾಟಿ ದಾದರ್ ಬರುವವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಅವಳು ಇತರರ ಸೊಂಟಗಳನ್ನು ನೋಡುತ್ತಿದ್ದಳು. ಸಿನಿಮಾ ನಟಿಯರು ಅಷ್ಟಾಗಿ ಚುಚ್ಚುತ್ತಿರಲಿಲ್ಲ, ಅವರ ಲೋಕ ಬೇರೆ. ಚುಚ್ಚುತ್ತಿದ್ದವಳು ಪ್ರಣೀತಾ: ಅದೇ ವಯಸ್ಸು, ಅದೇ ಊರಿನ ಮೂಲ, ಅದೇ ಗಂಜಿ–ನೀರ್‌ದೋಸೆ ತಿಂದು ಬೆಳೆದ ಮೈ. ಪ್ರಣೀತಾ ಹಾಕುತ್ತಿದ್ದ ಫೋಟೊಗಳು ಹೇಗೆ ಆಗುತ್ತವೆಂದು ಯಕ್ಷಿತಾಗೆ ಚೆನ್ನಾಗಿಯೇ ಗೊತ್ತಿತ್ತು. ಎಷ್ಟೋ ಸಲ ಅವನ್ನು ತೆಗೆದವಳು ತಾನೇ. ನಲವತ್ತರಲ್ಲಿ ಒಂದನ್ನು ಆರಿಸಿ, ಬೆಳಕು ತಿದ್ದಿ, ತೋಳು ತೆಳ್ಳಗೆ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದಳು. ಗೊತ್ತಿದ್ದೂ ಏನೂ ಆಗಲಿಲ್ಲ. ತಿಳಿದದ್ದು ತಲೆಯಲ್ಲಿ ಉಳಿಯಿತು, ಕಂಡದ್ದು ಮೈಗೆ ಇಳಿಯಿತು.

ಅವಳೂ ತನ್ನ ಫೋಟೊ ತಿದ್ದಿ ಹಾಕಿದಳು. ಅರ್ಧ ಗಂಟೆಯಲ್ಲಿ ಮೂವತ್ತು ಲೈಕ್ ಬಾರದಿದ್ದರೆ ಅಳಿಸುತ್ತಿದ್ದಳು. ಬಂದರೆ ಇನ್ನೂ ಕಷ್ಟ, ಯಾಕೆಂದರೆ ಜನ ಮೆಚ್ಚಿದ್ದು ಫೋಟೊದ ಆ ಇನ್ನೊಬ್ಬಳನ್ನು. ಈಗ ಕನ್ನಡಿಯಲ್ಲಿ ಹೋಲಿಸಲು ಪ್ರಣೀತಾಳ ಜೊತೆ ಆ ತಿದ್ದಿದ ಯಕ್ಷಿತಾಳೂ ಇದ್ದಳು. ಆಫೀಸಿನಲ್ಲಿ ಮೇಜಿನ ಕೆಳಗೆ ಬೆರಳುಗಳಿಂದ ಮಣಿಕಟ್ಟು ಸುತ್ತಿ ಅಳೆಯುತ್ತಿದ್ದಳು. ತಾಯಿ ವಿನೋದಿನಿ ಕಟ್ಟಿಕೊಟ್ಟ ಡಬ್ಬಿಯ ಊಟ ಸ್ಟೇಷನ್ನಿನ ನಾಯಿಗಳ ಪಾಲಾಗುತ್ತಿತ್ತು.

ಈ ವರ್ಷದ ಪ್ರದರ್ಶನಕ್ಕೆ ತಿಂಗಳಿರುವಾಗ ಮಾಸ್ಟ್ರು ಅವಳಿಗೆ ವೇಷ ಕಟ್ಟಿ ನೋಡಿದರು. ಮೂರು ಸೀರೆ ಸುತ್ತಿದರೂ ಸೊಂಟದ ಪಟ್ಟಿ ಜಾರಿತು. ಅವಳಿಗೆ ಒಳಗೊಳಗೇ ಖುಷಿ. ಕೋಡಿನ ಕಿರೀಟ ಹೊತ್ತು ಮೊದಲ ಅಟ್ಟಹಾಸಕ್ಕೆ ಬಾಯಿ ತೆರೆದಳು. ದನಿ ಸೀಳಿತು, ಕಣ್ಣು ಕತ್ತಲಿಟ್ಟಿತು. ಅಲ್ಲೇ ಕುಸಿದು ಕೂತಳು.

"ಬೆಳಿಗ್ಗೆ ಎಂತ ತಿಂದದ್ದು?"

"ಇಡ್ಲಿ, ಮಾಸ್ಟ್ರೇ."

"ಹೋಟೆಲಿನವನ ಹತ್ರ ಇಡ್ಲಿಯ ಸುಳ್ಳು ಹೇಳ್ತಿಯಾ? ಅಟ್ಟಹಾಸ ಹೊಟ್ಟೆಯಿಂದ ಬರ್ಬೇಕು ಮಗಾ, ಖಾಲಿ ಹೊಟ್ಟೆಯಿಂದ ಎಂತ ಬರ್ತದೆ?"

"ನನಗೆ ಸ್ತ್ರೀವೇಷ ಕೊಡಿ."

ಅವರು ಅವಳ ತಲೆಯ ಕಿರೀಟ ಬಿಚ್ಚಿ ಕೆಳಗಿಟ್ಟರು. "ಮಹಿಷ ನಿನ್ನದಲ್ವಾ? ದೇವರು ಕೊಟ್ಟ ವೇಷ ಅಂತ ನಾನು ಬೇರೆ ಯಾರಿಗೂ ಹೇಳಿದವನಲ್ಲ." ರೀಲಿನ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಅವಳು ಸುತ್ತಿದ್ದ ಸೀರೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ಮಹಿಷ ಹುಡುಗರ ತಂಡದ ಧನರಾಜನ ಪಾಲಾದ. ಅವಳಿಗೆ ಸಿಕ್ಕಿದ್ದು ಮಾತಿಲ್ಲದ ಸಖಿಯ ವೇಷ.

ಪ್ರದರ್ಶನದ ದಿನ ಬಣ್ಣದ ಕೋಣೆಯಲ್ಲಿ ಪ್ರಣೀತಾ ಯಕ್ಷಿತಾಳ ಹೆಗಲ ಮೇಲೆ ಕೈಹಾಕಿ, ಅವಳ ಫೋನಿನಲ್ಲೇ ಸೆಲ್ಫಿ ತೆಗೆದಳು. "ಎಷ್ಟು ಸ್ಲಿಮ್ ಆಗಿದ್ದೀ, ಸಚ್ಚಿ! ಸೀಕ್ರೆಟ್ ಹೇಳು ಯಾರ್." ವರ್ಷವಿಡೀ ಆ ಮಾತಿಗಾಗಿಯೇ ಕಾದಿದ್ದಳು ಯಕ್ಷಿತಾ. ಅದು ಬಂತು, ಕಿವಿಯ ಪಕ್ಕದಿಂದ ಹಾದುಹೋಯಿತು. ಅವಳ ಕಣ್ಣು ಆಗಲೇ ಫೋಟೊದಲ್ಲಿತ್ತು. ಮೊದಲು ತನ್ನ ತೋಳು, ಆಮೇಲೆ ಪ್ರಣೀತಾಳದು, ಮತ್ತೆ ತನ್ನದು.

ಅಷ್ಟರಲ್ಲಿ ಸಭಾಂಗಣದ ಹಿಂಬಾಗಿಲಿನಿಂದ ದೊಂದಿಗಳ ನಡುವೆ ಮಹಿಷ ಗರ್ಜಿಸಿದ. ಮಕ್ಕಳು ಕಿರುಚಿ ಅಮ್ಮಂದಿರನ್ನು ತಬ್ಬಿದರು. ಕೋಣೆಯಲ್ಲಿದ್ದವರೆಲ್ಲ ನೋಡಲು ಬಾಗಿಲಿಗೆ ಓಡಿದರು. ಯಕ್ಷಿತಾ ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ತನ್ನ ಕೆನ್ನೆಯನ್ನು ನೋಡುತ್ತ ಕೂತಳು.